ಹೆಸರಿಲ್ಲದ ಟ್ಯೂಬು

ಗದಗಿನ ಒಂದು ರಕ್ತನಿಧಿಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಬೆಟಗೇರಿಯ ನೇಕಾರರ ಮನೆಯಿಂದ ಬಂದವಳು. ನನ್ನ ಅವ್ವ ಈಗಲೂ ನೆರೆಹೊರೆಯವರಿಗೆ ‘ಮಗಳು ರಕ್ತದ ಆಫೀಸಿನ್ಯಾಗ ಅದಾಳ’ ಎಂದೇ ಹೇಳುತ್ತಾಳೆ. ನನ್ನ ದಿನದ ಬಹುಪಾಲು ಒಂದು ಕಿಟಕಿಯ ಹಿಂದೆ ಕಳೆಯುತ್ತದೆ. ಆಸ್ಪತ್ರೆಗಳಿಂದ ರಕ್ತ ಬೇಡುವ ಫಾರ್ಮನ್ನೂ ರೋಗಿಯ ರಕ್ತ ತುಂಬಿದ ಸಣ್ಣ ಟ್ಯೂಬನ್ನೂ ಹಿಡಿದುಕೊಂಡು ಮನೆಯವರು ಆ ಕಿಟಕಿಗೆ ಬರುತ್ತಾರೆ. ಎರಡನ್ನೂ ಗೋಡೆಯ ಮೇಲಿನ ಪಟ್ಟಿಗೆ ಹೋಲಿಸಿ ನೋಡುವುದು ನನ್ನ ಮೊದಲ ಕೆಲಸ. ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ನೋಂದಣಿ ಸಂಖ್ಯೆ, ರಕ್ತ ತೆಗೆದ ದಿನ ಮತ್ತು ಹೊತ್ತು, ತೆಗೆದವರ ಸಹಿ, ವೈದ್ಯರ ಸಹಿ.

ಫಾರ್ಮಿನಲ್ಲಿ ವಾರ್ಡಿನ ಹೆಸರು ಬಿಟ್ಟುಹೋಗಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಬಹುದು. ಟ್ಯೂಬಿನ ಮೇಲೆ ಹೆಸರೇ ಇಲ್ಲದಿದ್ದರೆ ಹಾಗೆ ಮಾಡುವಂತಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕಲಿಸಿದ ಹಿರಿಯ ಟೆಕ್ನಿಷಿಯನ್ ಕೈಯಲ್ಲಿ ಅಂಥದೊಂದು ಟ್ಯೂಬು ಹಿಡಿದು ಕೇಳಿದ್ದರು: “ಇದು ಯಾರ ರಕ್ತ?” ನಾನು ಫಾರ್ಮು ನೋಡಿ ಹೆಸರು ಹೇಳಿದೆ. “ಫಾರ್ಮು ಯಾರಿಗೆ ರಕ್ತ ಬೇಕು ಅಂತ ಹೇಳತೈತಿ. ಈ ಟ್ಯೂಬಿನ್ಯಾಗ ಇರೋದು ಯಾರದು ಅಂತ ಹೇಳಾಂಗಿಲ್ಲ. ಅದನ್ನ ಮಂಚದ ಬಾಜೂಕ ನಿಂತು ಸೂಜಿ ಚುಚ್ಚಿದಾಕಿ ಒಬ್ಬಾಕಿನ ಹೇಳಬಲ್ಲಳು” ಎಂದು ಅದನ್ನು ತಿರಸ್ಕರಿಸಿದರು. ಬೇರೆಯವರ ರಕ್ತ ಪರೀಕ್ಷಿಸಿ, ಆ ಗುಂಪಿನ ಚೀಲ ಕೊಟ್ಟರೆ ರೋಗಿಯ ಜೀವವೇ ಹೋಗಬಹುದು. ಅಂದಿನಿಂದ ನಾನು ಹೆಸರಿಲ್ಲದ ಟ್ಯೂಬಿನ ಮೇಲೆ ಎಂದೂ ಪೆನ್ನು ಊರಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯ ಮಧ್ಯಾಹ್ನ, ಮುಂಡರಗಿಯಿಂದ ಒಬ್ಬ ಮುದುಕ ಬಂದ. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ತಲೆಯ ಮೇಲೆ ಟೊಪ್ಪಿಗೆ. ಅಂಗಿಯ ತೋಳಿನಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಗಾದಿ ತುಂಬುವ ಕೆಲಸ ಎಂದು ಆಮೇಲೆ ತಿಳಿಯಿತು. ಅಂದು ಬೆಳಿಗ್ಗೆ ಅವನ ಸೊಸೆಗೆ ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಹೆಣ್ಣು ಕೂಸು. ತಾಯಿಗೆ ರಕ್ತ ಕಡಿಮೆ, ಸಂಜೆಯೊಳಗೆ ಎರಡು ಚೀಲ ಬೇಕು ಎಂದು ವೈದ್ಯರು ಬರೆದಿದ್ದರು. ‘ತುರ್ತು’ ಎಂಬ ಜಾಗದಲ್ಲಿ ಗುರುತು ಇರಲಿಲ್ಲ. ಮಗ ಹೆಂಡತಿಯ ಹತ್ತಿರ ಉಳಿದುಕೊಂಡು ಅಪ್ಪನನ್ನು ಬಸ್ಸಿಗೆ ಹತ್ತಿಸಿದ್ದ.

ಫಾರ್ಮು ಪೂರ್ತಿ ತುಂಬಿತ್ತು. ಮುತ್ತಿನಂಥ ಅಕ್ಷರ. ಟ್ಯೂಬನ್ನು ತಿರುಗಿಸಿ ನೋಡಿದೆ. ಚೀಟಿ ಅಂಟಿಸಿದ್ದರು, ಅದರ ಮೇಲೆ ತಾರೀಖು ಮಾತ್ರ ಇತ್ತು. ಹೆಸರಿಲ್ಲ, ಸಂಖ್ಯೆಯಿಲ್ಲ.

“ಕಾಕಾ, ಇದರ ಮ್ಯಾಲೆ ಹೆಸರು ಬರದಿಲ್ಲರಿ. ಇದು ನಡಿಯಾಂಗಿಲ್ಲ. ಹೊಸದಾಗಿ ರಕ್ತ ತಗಸಿಕೊಂಡು ಬರಬೇಕು.”

“ನಮ್ಮ ಸೊಸಿದ ಐತವಾ ಅದು. ಬ್ಯಾರೆಯವರದು ನಾ ಯಾಕ ತರಲಿ?”

“ರಕ್ತ ತಗಿಯುವಾಗ ನೀವು ಒಳಗ ಇದ್ರೇನ್ರಿ?”

ಮುದುಕ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇಲ್ಲ. ಹೆಂಗಸರ ವಾರ್ಡು. ಬಾಗಲಾ ಹೊರಗ ನಿಂತಿದ್ದೆ. ನರ್ಸಬಾಯಿ ತಂದು ಕೈಯಾಗ ಕೊಟ್ಟಳು.” ಆಮೇಲೆ ತಗ್ಗಿದ ದನಿಯಲ್ಲಿ, “ಆ ಕಾಗದದಾಗ ಹೆಸರು ಐತೆಲ್ಲವಾ, ಅದನ್ನ ನೋಡಿ ನೀನ ಬರಕೊ” ಎಂದ.

“ಬರದ್ರ ತಪ್ಪಾಗತೈತಿ ಕಾಕಾ. ನಿಮ್ಮ ಸೊಸಿಗೇ ಧೋಕಾ.”

ಅವನ ಹಿಂದೆ ಏಳೆಂಟು ಜನ ನಿಂತಿದ್ದರು. ತಿರಸ್ಕಾರದ ಚೀಟಿಯಲ್ಲಿ ‘ಟ್ಯೂಬಿನ ಮೇಲೆ ಹೆಸರು, ಸಂಖ್ಯೆ ಇಲ್ಲ, ಹೊಸ ಮಾದರಿ ಕಳಿಸಿ’ ಎಂದು ಬರೆದು ಅವನ ಕೈಗಿಟ್ಟೆ. ಟ್ಯೂಬನ್ನು ನಿಯಮದಂತೆ ನಮ್ಮಲ್ಲೇ ತೆಗೆದಿಟ್ಟೆ. ತಿರಸ್ಕಾರದ ವಹಿಯಲ್ಲಿ ಒಂದು ಸಾಲು ದಾಖಲಿಸಿ, “ಜಲ್ದಿ ಹೋಗಿ ಬರ್ರಿ” ಎಂದೆ. ಅವನು ಚೀಟಿಯನ್ನು ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು ಹೋದ. ಓದಲು ಬಾರದವನೆಂದು ನನಗೆ ಆಗಲೇ ಗೊತ್ತಾಗಿತ್ತು. ಆದರೂ ಮುಂದಿನವರ ಫಾರ್ಮಿಗೆ ಕೈ ಚಾಚಿದೆ.

ಎರಡು ತಾಸಾಗುತ್ತ ಬಂದಿತ್ತು, ಫೋನ್ ಬಂತು. ಮುಂಡರಗಿಯ ವೈದ್ಯೆ. “ರಕ್ತ ಬರತೈತಿ ಅಂತ ನಾವು ಹಾದಿ ಕಾಯ್ಕೋತ ಕುಂತೇವಿ. ಈಗ ಇವರು ಚೀಟಿ ಹಿಡಕೊಂಡು ಬಂದಾರ. ಆಕಿಗೆ ಮತ್ತ ರಕ್ತಸ್ರಾವ ಸುರು ಆಗೇತಿ. ಆಗಲೇ ಒಂದು ಫೋನ್ ಮಾಡಿದ್ರ ನಾ ಆಕೀನ್ನ ಗದಗಿಗೆ ಕಳಿಸಿಬಿಡತಿದ್ದೆ.”

ಫಾರ್ಮಿನ ಮೇಲೆ ಆ ಆಸ್ಪತ್ರೆಯ ಫೋನ್ ನಂಬರು ಇತ್ತು. ನಾನು ಮಾಡಿರಲಿಲ್ಲ. ಸುದ್ದಿಯನ್ನು ಓದು ಬಾರದ ಒಬ್ಬ ಮುದುಕನ ಜೇಬಿನಲ್ಲಿಟ್ಟು, ಬಸ್ಸಿನಲ್ಲಿ ಕಳಿಸಿದ್ದೆ.

“ಈಗಲೇ ಕಳಸ್ರಿ ಮೇಡಂ. ಬಂದ ಕೂಡಲೇ ಇಲ್ಲಿ ಹೊಸ ಮಾದರಿ ತಗೀಲಿ. ಕಾಯಾಕ ಆಗದಿದ್ರ, ಇಲ್ಲಿ ನೋಡೋ ಡಾಕ್ಟರು ಬರದು ಸಹಿ ಮಾಡಿ ಕೊಟ್ಟರ, ಹೊಂದಾಣಿಕೆ ಪರೀಕ್ಷಾ ಮುಗಿಯೂಕಿಂತ ಮೊದಲ ಓ ಗುಂಪಿನ ರಕ್ತಾ ಕೊಡತೇವಿ” ಎಂದೆ. ಆಕೆ ಫೋನ್ ಇಟ್ಟಳು.

ಫ್ರಿಜ್ಜಿನಲ್ಲಿ ಯಾರಿಗಾದರೂ ನಡೆಯುವ ಓ ನೆಗೆಟಿವ್ ರಕ್ತದ ಎರಡು ಚೀಲ ಗುರುತು ಮಾಡಿಟ್ಟೆ. ನಮ್ಮ ವೈದ್ಯಾಧಿಕಾರಿಗೆ ತಿಳಿಸಿದೆ. ಆಮೇಲೆ ಮಾಡಬಾರದ ಒಂದು ಕೆಲಸ ಮಾಡಿದೆ. ತೆಗೆದಿಟ್ಟಿದ್ದ ಟ್ಯೂಬಿನ ಗುಂಪು ನೋಡಿದೆ. ಅದರ ಫಲಿತಾಂಶದ ಮೇಲೆ ಯಾರಿಗೂ ಏನೂ ಕೊಡುವಂತಿರಲಿಲ್ಲ, ಕೊಡಲೂ ಇಲ್ಲ. ಸುಮ್ಮನೆ ನೋಡಿದೆ. ಬಿ ಪಾಸಿಟಿವ್.

ಸಂಜೆಗೆ ಮುಂಚೆ ಆಂಬುಲೆನ್ಸ್ ಗದಗಿನ ಆಸ್ಪತ್ರೆಗೆ ಬಂತು. ಅಲ್ಲಿಯ ವೈದ್ಯರು ಸಹಿ ಮಾಡಿದ ಕಾಗದವನ್ನೂ ಹೊಸ ಟ್ಯೂಬನ್ನೂ ಅವರ ಸಿಬ್ಬಂದಿಯೇ ಓಡೋಡಿ ತಂದರು. ಟ್ಯೂಬಿನ ಮೇಲೆ ಹೆಸರು, ಸಂಖ್ಯೆ, ಹೊತ್ತು, ಸಹಿ, ಎಲ್ಲವೂ ಇತ್ತು. ಓ ಚೀಲಗಳನ್ನು ಕೊಟ್ಟು ಕಳಿಸಿ, ಹೊಸ ರಕ್ತವನ್ನು ಪರೀಕ್ಷೆಗೆ ಹಚ್ಚಿದೆ. ಬಿ ಪಾಸಿಟಿವ್. ಹೊಂದಿದ ಚೀಲಗಳು ತಯಾರಾಗಿ ಮೇಜಿನ ಮೇಲಿದ್ದಾಗ, ಇನ್ನು ಬೇಕಾಗಿಲ್ಲ, ಆಕೆ ತೀರಿಕೊಂಡಳು ಎಂದು ಫೋನ್ ಬಂತು.

ಆ ಚೀಲಗಳ ಮೇಲೆ ಹಾಕಿದ್ದ ಅವಳ ಹೆಸರು ತೆಗೆದು ಮತ್ತೆ ಫ್ರಿಜ್ಜಿಗೆ ಇಟ್ಟೆ. ಅವಳಿಗೆ ಇಪ್ಪತ್ತೆರಡು ವರ್ಷವೆಂದು ಫಾರ್ಮಿನಲ್ಲಿತ್ತು.

ವಾರದ ನಂತರ ವೈದ್ಯಾಧಿಕಾರಿ ದಾಖಲೆಗಳನ್ನು ತರಿಸಿಕೊಂಡರು. ಪಟ್ಟಿ ನೋಡಿದರು, ತಿರಸ್ಕಾರದ ಕಾರಣ ನೋಡಿದರು. “ಟ್ಯೂಬು ವಾಪಸ್ ಮಾಡಿದ್ದು ಬರೋಬ್ಬರಿ ಐತಿ. ನಿಮ್ಮದೇನೂ ತಪ್ಪಿಲ್ಲ” ಎಂದರು. ವಹಿಯ ಆ ಸಾಲಿನಲ್ಲಿ ಕೊನೆಯದೊಂದು ಕಾಲಂ ಇದೆ: ‘ಆಸ್ಪತ್ರೆಗೆ ತಿಳಿಸಿದ್ದು, ಯಾರಿಗೆ, ಎಷ್ಟು ಹೊತ್ತಿಗೆ.’ ಅದು ಖಾಲಿ ಇತ್ತು. ಅವರ ಬೆರಳು ಅಲ್ಲಿಗೆ ಬಂದು ನಿಂತಿತು. “ಇದೊಂದು ಬಿಟ್ಟೀರಿ. ತುಂಬಿ ಕೊಡ್ರಿ” ಎಂದು ವಹಿಯನ್ನು ನನ್ನ ಕಡೆ ಸರಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇತ್ತೆಂದು ನಾನು ಹೇಳಲಾರೆ. ನಾನು ಫೋನ್ ಮಾಡಿಯೇ ಇರುತ್ತೇನೆ, ಬರೆಯಲು ಮರೆತಿದ್ದೇನೆ ಎಂದು ತಿಳಿದಿದ್ದರೇನೋ.

ಪೆನ್ನು ಹಿಡಿದೆ. ಒಂದು ಹೆಸರು, ಒಂದು ಹೊತ್ತು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಬೇರೆಯವರು ಬಿಟ್ಟ ಜಾಗವನ್ನು ತುಂಬಲೊಲ್ಲೆ ಎಂದು ಒಬ್ಬ ಮುದುಕನನ್ನು ವಾಪಸ್ ಕಳಿಸಿದವಳು ನಾನು. ‘ತಿಳಿಸಿಲ್ಲ. ಚೀಟಿಯನ್ನು ಮನೆಯವರ ಕೈಯಲ್ಲಿ ಕಳಿಸಿದೆ’ ಎಂದು ಬರೆದು, ಬರೆದ ದಿನದ ತಾರೀಖನ್ನೇ ಹಾಕಿ ಸಹಿ ಮಾಡಿದೆ. ಅವರು ಓದಿದರು. ನನಗೊಂದು ಎಚ್ಚರಿಕೆಯ ಪತ್ರ ಬಂತು. ತಿರಸ್ಕರಿಸಿದ ಟ್ಯೂಬಿಗೆ ಮೊದಲು ಫೋನ್, ಆಮೇಲೆ ಚೀಟಿ ಎಂಬ ಸಾಲೂ ಆ ತಿಂಗಳೇ ಗೋಡೆಯ ಪಟ್ಟಿಗೆ ಸೇರಿತು.

ಮಳೆಗಾಲ ಶುರುವಾದ ಮೇಲೆ ಆ ಮುದುಕ ಮತ್ತೆ ಬಂದ. ಕಿಟಕಿಯ ಮುಂದೆ ಜನ ಕರಗುವವರೆಗೂ ಬೆಂಚಿನ ಮೇಲೆ ಕೂತಿದ್ದು, ಎದ್ದು ಬಂದ. ಹೊರಗೆ ಹೋಗಿ ಅವನ ಪಕ್ಕದಲ್ಲಿ ಕೂತೆ.

“ಒಂದು ಮಾತು ಕೇಳಾಕ ಬಂದೇನವಾ. ಅವತ್ತು ನಾ ಏನರ ತಪ್ಪು ಮಾಡಿದ್ನೇನು? ಮಗ ನನ್ನ ಜೋಡಿ ಮಾತಾಡವಲ್ಲ. ರಕ್ತ ತರಾಕ ಹೋದಾಂವ ಬರಿಗೈಲೆ ಬಂದಿ ಅಂತಾನ.”

“ನಿಮ್ಮದೇನೂ ತಪ್ಪಿಲ್ಲ ಕಾಕಾ. ಹೆಸರು ಬರೀಲಿಲ್ಲ ಅಲ್ಲಿಯವರು. ಅವರಿಗೆ ಫೋನ್ ಮಾಡಬೇಕಿತ್ತು, ನಾ ಮಾಡಲಿಲ್ಲ.”

ಅವನು ತಲೆ ಅಲ್ಲಾಡಿಸಿದ. “ಆ ಸೀಸೆದಾಗಿದ್ದ ರಕ್ತ ಆಕೀದ ಹೌದಲ್ಲ?” ಎಂದ.

ಒಂದೇ ಗುಂಪು ಎಂದ ಮಾತ್ರಕ್ಕೆ ಅವಳದೇ ಎಂದು ಹೇಳಲಾಗದು. ಈ ಊರಲ್ಲಿ ಆ ಗುಂಪಿನವರು ಬೇಕಾದಷ್ಟು ಜನ. ಅದನ್ನು ಅವನಿಗೆ ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಆಕೀದ ಇದ್ದಿರಬೇಕ್ರಿ” ಎಂದೆ.

“ಹಂಗಾರ ಮತ್ತೊಮ್ಮೆ ಯಾರರ ಹಂಗ ಬಂದ್ರ ತೊಗೊಂತೀಯೇನು?”

“ಇಲ್ರಿ. ತೊಗೊಳಾಂಗಿಲ್ಲ.”

ಅವನು ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವನು ಜೇಬಿನಿಂದ ಸಣ್ಣ ಮೊಬೈಲು ತೆಗೆದು, ಒಂದು ಗುಂಡಿ ಒತ್ತಿ, ನನ್ನ ಕೈಗೆ ಕೊಟ್ಟ. “ನನ್ನ ಮಗ. ಈಗ ಹೇಳಿದ್ದನ್ನ ಅವಂಗ ಹೇಳು. ನಾ ಹೇಳಿದ್ರ ನಂಬಾಂಗಿಲ್ಲ.”

ಆ ಕಡೆ ಒಂದು ಗಂಡಸಿನ ದನಿ “ಹಲೋ” ಎಂದಿತು. ಹಿನ್ನೆಲೆಯಲ್ಲಿ ಕೂಸು ಅಳುತ್ತಿತ್ತು. ನಾನು ಯಾರೆಂದು ಹೇಳಿದೆ. ಟ್ಯೂಬಿನ ವಿಷಯ ಹೇಳಿದೆ, ಫೋನ್ ಮಾಡದ ವಿಷಯ ಹೇಳಿದೆ, ನಿಮ್ಮ ತಂದೆಯದೇನೂ ತಪ್ಪಿಲ್ಲ ಎಂದೆ. ಮಾತು ಮುಗಿಯುವವರೆಗೂ ಅವನು ಕೇಳಿಸಿಕೊಂಡ. ಕೂಸಿನ ಅಳು ಕೇಳುತ್ತಲೇ ಇತ್ತು. ಆಮೇಲೆ ಏನೂ ಅನ್ನದೆ ಫೋನ್ ಇಟ್ಟುಬಿಟ್ಟ.

“ಏನಂದ?” ಮುದುಕ ಕೇಳಿದ.

“ಪೂರಾ ಕೇಳಿದ್ರು ಕಾಕಾ” ಎಂದೆ.

ಅವನು ಮೊಬೈಲನ್ನು ಅಂಗಿಗೆ ಒರೆಸಿ ಜೇಬಿಗಿಟ್ಟುಕೊಂಡ. ಮೊಣಕಾಲಿನ ಮೇಲೆ ಕೈಯೂರಿ ಎದ್ದ. ಮುಂಡರಗಿಗೆ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ, ನನಗೆ ಗೊತ್ತಿರಲಿಲ್ಲ.