ಅಂದ ಮಾತು, ಅಂದ ಹಾಗೇ

ಚಿಕ್ಕೋಡಿ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆಯ ಹೆಸರು ಬೇಡ. ಹೇಳಿದರೆ, ಇಲ್ಲಿ ನಡೆದದ್ದು ಬೇರೆ ಆಸ್ಪತ್ರೆಗಳಲ್ಲಿ ನಡೆಯುವುದಿಲ್ಲವೆಂದು ಯಾರಾದರೂ ತಿಳಿದುಕೊಂಡಾರು.

ನಮ್ಮಲ್ಲಿ ಒಬ್ಬ ಹಿರಿಯ ಡಾಕ್ಟರ್ ಇದ್ದಾರೆ. ಅಥಣಿಯಿಂದ, ರಾಯಬಾಗದಿಂದ, ಗಡಿ ದಾಟಿ ಆಚೆಯಿಂದಲೂ ಬಸುರಿಯರು ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಕೈಗುಣ ಒಳ್ಳೆಯದು, ಸುಳ್ಳು ಹೇಳಲಾರೆ. ಆದರೆ ಅವರು ರೌಂಡ್ಸಿಗೆ ಬರುವ ಹೊತ್ತಿಗೆ ನರ್ಸ್ ಹುಡುಗಿಯರು ಸೀರೆಯ ಸೆರಗು, ಟೋಪಿ, ಟ್ರೇ ಎಲ್ಲವನ್ನೂ ಎರಡೆರಡು ಸಲ ಸರಿಮಾಡಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ಕತ್ತರಿ ತಡವಾದರೆ ಬೈಗುಳ, ಬೇಗ ಕೊಟ್ಟರೂ ಬೈಗುಳ. ಒಬ್ಬ ಹುಡುಗಿಯಂತೂ ಬಾಟಲಿ ಏರಿಸುವಾಗ ಅವರ ಚಪ್ಪಲಿಯ ಸಪ್ಪಳ ಕೇಳಿ ಸೂಜಿ ಚುಚ್ಚಲಾರದೆ ನಿಂತುಬಿಟ್ಟಿದ್ದಳು. ಇದನ್ನೆಲ್ಲ ನಾವು ‘ಶಿಸ್ತು’ ಎಂದು ಕರೆಯುತ್ತಿದ್ದೆವು. ಆ ಪದ ಈಗ ನೆನಪಾದರೆ ಮೈ ಉರಿಯುತ್ತದೆ.

ಕಾಗವಾಡ ಕಡೆಯ ಒಬ್ಬ ಹುಡುಗಿ ನರ್ಸಿಂಗ್ ಮುಗಿಸಿ ನಮ್ಮ ವಾರ್ಡಿಗೆ ಬಂದಳು. ಅವಳಿಗೆ ಅದು ಮೊದಲ ನೌಕರಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಗಾಬರಿಯಾದರೆ ಎರಡೂ ಬೆರೆತು ಹೊರಗೆ ಬರುತ್ತಿದ್ದವು. ಅವಳ ತಾಯಿ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊರೂರು ತಿರುಗಿ ಮಗಳನ್ನು ಓದಿಸಿದವಳು. ಹುಡುಗಿ ಕೆಲಸದಲ್ಲಿ ಚುರುಕು, ಆದರೆ ದನಿ ಮಾತ್ರ ಬಹಳ ಸಣ್ಣದು.

ಅವತ್ತು ನಾವಿಬ್ಬರೂ ಬೆಳಗಿನ ಪಾಳಿಯಲ್ಲಿದ್ದೆವು. ಹಿಂದಿನ ಸಂಜೆ ಸಿಜೇರಿಯನ್ ಆಗಿದ್ದ ಕರೋಶಿಯ ಒಬ್ಬ ಬಾಣಂತಿ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಹುಡುಗಿ ನಾಡಿ ನೋಡಿ ನನ್ನ ಹತ್ತಿರ ಬಂದಳು.

“ಅಕ್ಕಾರ, ಆಕಿ ನಾಡಿ ಜೋರ ಆಗೇತ್ರಿ. ಮೂತ್ರದ ಚೀಲದಾಗ ಏನೂ ಇಳಿದಿಲ್ಲ. ಮಾರಿ ಬಿಳಚಿಕೊಂಡೈತಿ. ನನಗ್ಯಾಕೋ ಬರೋಬರಿ ಅನಸವಲ್ದು.”

ಡ್ಯೂಟಿ ಡಾಕ್ಟರನ್ನು ಕರೆದೆವು. ಆತ ಇನ್ನೂ ಎಳೆಯ, ಮುಂದೆ ಪಿ.ಜಿ. ಓದಬೇಕೆಂದು ಆಸೆಪಟ್ಟವನು. ಹೊಟ್ಟೆ ಮುಟ್ಟಿ ನೋಡಿ, ಸಲೈನ್ ಜೋರು ಮಾಡಿಸಿ, ರಕ್ತ ಹೊಂದಿಸಿಡಲು ಸ್ಯಾಂಪಲ್ ಕಳಿಸಿ, “ಸರ್‌ಗೆ ಈಗಲೇ ಹೇಳ್ರಿ” ಎಂದ. ತಾನೇ ಫೋನ್ ಮಾಡಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ.

ಹುಡುಗಿ ತನ್ನ ಮೊಬೈಲಿನಿಂದ ಹಿರಿಯ ಡಾಕ್ಟರಿಗೆ ಫೋನ್ ಹಚ್ಚಿದಳು. ನಾನು ಪಕ್ಕದಲ್ಲೇ ಔಷಧಿ ತೆಗೆದಿಡುತ್ತಿದ್ದೆ. ನಾಡಿ, ಬಿ.ಪಿ., ಮೂತ್ರ ಎಲ್ಲವನ್ನೂ ಅವಳು ಸರಿಯಾಗಿಯೇ ಹೇಳಿದಳು. ಆ ಕಡೆಯ ದನಿ ನನಗೂ ಕೇಳಿಸಿತು: “ಬೆಳಗಾಗೂದ್ರಾಗ ಸುರು ಮಾಡ್ತೀರಿ. ರೌಂಡ್ಸಿಗೆ ಬಂದಾಗ ನೋಡ್ತೀನಿ. ಇಡು ಫೋನ.” ಹುಡುಗಿ ಕೇಸ್ ಪೇಪರಿನ ನರ್ಸಿಂಗ್ ನೋಟ್ಸಿನಲ್ಲಿ, ಫೋನಿನಲ್ಲಿ ತಿಳಿಸಿದ್ದನ್ನೂ ಬಂದ ಉತ್ತರವನ್ನೂ ವೇಳೆ ಹಾಕಿ ಬರೆದು ಸಹಿ ಮಾಡಿದಳು. ನಾನು ಮತ್ತೊಮ್ಮೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಕೂಡಲೇ ಮೆಡಿಕಲ್ ಸುಪರಿಂಟೆಂಡೆಂಟರಿಗೆ ತಿಳಿಸಿದೆ. ಥಿಯೇಟರ್ ತಯಾರಿಡಲು ಅವರು ಹೇಳಿದರು. ಅಷ್ಟರಲ್ಲಿ ಹಿರಿಯ ಡಾಕ್ಟರ್ ಬಂದರು.

ಬಾಣಂತಿಯ ಹೊಟ್ಟೆ ಮುಟ್ಟಿದ ಕ್ಷಣಕ್ಕೇ ಅವರಿಗೆ ಗೊತ್ತಾಯಿತು, ಒಳಗೆ ರಕ್ತ ಸೋರುತ್ತಿದೆ ಎಂದು. ಮುಖದ ಬಣ್ಣ ಬದಲಾಯಿತು. ಆ ಭಯವೆಲ್ಲ ಸಿಟ್ಟಾಗಿ ಹುಡುಗಿಯ ಮೇಲೆ ಬಿತ್ತು.

“ನನಗ್ಯಾಕ ಹೇಳಲಿಲ್ಲ? ಹೆಣಾ ಬಿದ್ದ ಮ್ಯಾಲ ಹೇಳಾಕಿ ಇದ್ದಿ ಏನ? ಕಬ್ಬ ಕಡಿಯೂ ಗ್ಯಾಂಗಿನ್ಯಾಗಿಂದ ನೆಟ್ಟಗ ಇಲ್ಲಿಗೆ ಎದ್ದ ಬಂದಿ ಏನ? ಈ ನೌಕರಿ ನಿಮ್ಮಂಥವ್ರಿಗಲ್ಲ.”

ಕೈಯಲ್ಲಿದ್ದ ಕೇಸ್ ಫೈಲನ್ನು ಅವಳತ್ತ ಎಸೆದರು. ಅದರ ಕಬ್ಬಿಣದ ಕ್ಲಿಪ್ಪು ಅವಳ ಮಣಿಕಟ್ಟಿಗೆ ತಾಗಿ ಚರ್ಮ ಕಿತ್ತಿತು. ವಾರ್ಡಿನಲ್ಲಿ ಬಾಣಂತಿಯರು, ಅವರ ತಾಯಂದಿರು, ಅತ್ತೆಯಂದಿರು ಎಲ್ಲರೂ ನೋಡುತ್ತಿದ್ದರು. ಡ್ಯೂಟಿ ಡಾಕ್ಟರ್ ನೆಲ ನೋಡುತ್ತಿದ್ದ.

“ಫೋನ್ ಮಾಡಿದ್ದೆ ಸರ್,” ಎಂದಳು ಹುಡುಗಿ.

ಅವರು ಫೈಲು ಎತ್ತಿಸಿ, ಪುಟ ನೋಡಿ, ತಮ್ಮ ಪೆನ್ನನ್ನೇ ಅವಳ ಮುಂದೆ ಹಿಡಿದರು. “ಇದನ್ನ ಹೊಡದ ಹಾಕು. ತಿಳಿಸಿಲ್ಲ ಅಂತ ಬರದ ಸಹಿ ಮಾಡು.”

ನಾನು ನಡುವೆ ಹೋದೆ. “ಸರ್, ಕೇಸ್ ಪೇಪರ್ ತಿದ್ದಾಕ ಬರೂದಿಲ್ರಿ. ಥಿಯೇಟರ್ ತಯಾರ ಐತಿ. ಮೊದಲ ಪೇಶಂಟ್ ನೋಡೂಣ.”

ಹೆಂಗಸನ್ನು ಒಳಗೆ ಒಯ್ದರು. ಹೊಟ್ಟೆ ತೆರೆದು, ರಕ್ತ ನಿಲ್ಲಿಸಿ, ಬಾಟಲಿಗಟ್ಟಲೆ ರಕ್ತ ಏರಿಸಿ ಉಳಿಸಿದರು. ಉಳಿಸಿದ್ದು ಅವರೇ. ಆ ಮಾತನ್ನೂ ಇಲ್ಲಿ ಹೇಳಬೇಕು. ಆದರೆ ಅವಳನ್ನು ಸಾವಿನ ಅಂಚಿಗೆ ಒಯ್ದ ತಡವೂ ಅವರದೇ. ಆ ತಡದ ಹೊರೆಯನ್ನು ಆ ಹುಡುಗಿಯ ಸಹಿಯ ಮೇಲೆ ಹೊರಿಸಲು ಹೊರಟಿದ್ದರು. ಬೈಗುಳಕ್ಕಿಂತ ಆ ಪೆನ್ನು ನನ್ನನ್ನು ಹೆಚ್ಚು ಕೆರಳಿಸಿತು.

ಹುಡುಗಿ ಲಿನನ್ ಕೋಣೆಯಲ್ಲಿ ಬೆಡ್‌ಶೀಟುಗಳ ನಡುವೆ ಕೂತು ಅಳುತ್ತಿದ್ದಳು. “ಊರಿಗೆ ಹೊಕ್ಕೀನ್ರಿ ಅಕ್ಕಾರ. ಆಯೀಗಿ ಏನಾರ ಹೇಳ್ತೀನಿ,” ಎಂದಳು ತಾಯಿಯನ್ನು ನೆನೆದು.

“ಹೋಗೂದ ಆಮ್ಯಾಲ ನೋಡೂಣ. ಮೊದಲ ಕೈ ತೋರಸು.”

ಅವಳನ್ನು ಕ್ಯಾಜುವಲ್ಟಿಗೆ ಕರೆದುಕೊಂಡು ಹೋಗಿ, ಗಾಯ ತೊಳೆಸಿ, ಹೇಗಾಯಿತೆಂಬುದನ್ನೂ ಅಲ್ಲಿಯೇ ದಾಖಲು ಮಾಡಿಸಿದೆ. ಗಾಯದ ಫೋಟೋ ತೆಗೆಸಿದೆ. ಮೊಬೈಲಿನಲ್ಲಿ ಕಾಲ್ ಹೋದ ವೇಳೆ ಇತ್ತು, ಅದನ್ನು ಅಳಿಸಬೇಡ ಎಂದೆ. ಕೇಸ್ ಪೇಪರಿನ ಫೋಟೋ ತೆಗೆಯಲು ಹೊರಟಳು, ತಡೆದೆ. ಅದು ರೋಗಿಯ ಗುಟ್ಟು, ನಮ್ಮ ಜಗಳದ ಸರಕಲ್ಲ. ಕರೋಶಿಯ ಬಾಣಂತಿಯ ಅತ್ತೆ ಕೂಡ ಬಂದು, “ಮುಂದಿನ ಸಲ ಬೈದ್ರ ನಾ ವಿಡಿಯೋ ತಗೀತೀನಿ ತಂಗಿ” ಎಂದರು. ಬಾಣಂತಿಯರು ಮೊಲೆಯೂಡಿಸುವ ಜಾಗ ಇದು, ವಿಡಿಯೋ ಬೇಡ, ನೀವು ಕಂಡದ್ದನ್ನು ನೀವೇ ಅರ್ಜಿಯಲ್ಲಿ ಕೊಡಿ ಎಂದು ಹೇಳಿದೆ.

ಪಾಳಿ ಮುಗಿದ ಮೇಲೆ ಹುಡುಗಿಯನ್ನು ಬರೆಯಲು ಕೂರಿಸಿದೆ. ಮೊದಲು ಬರೆದದ್ದು ಹೀಗಿತ್ತು: ಡಾಕ್ಟರು ನನ್ನ ಮೇಲೆ ತುಂಬಾ ದೌರ್ಜನ್ಯ ಮಾಡಿದರು, ಕೆಟ್ಟ ಪದಗಳಿಂದ ನಿಂದಿಸಿದರು.

“ಇದನ್ನ ಓದಿದವ್ರಿಗೆ ಏನ ತಿಳೀತದ?” ಎಂದೆ. “ಅವ್ರ ಕೆಟ್ಟವ್ರು ಅಂತ ನೀ ಹೇಳಬ್ಯಾಡ. ಎಲ್ಲಿ ನಿಂತಿದ್ರು, ಯಾರ್ಯಾರು ಇದ್ರು, ಏನಂದ್ರು, ಏನ ಒಗದ್ರು, ಅಷ್ಟ ಬರಿ. ಅವ್ರು ಅಂದ ಮಾತು ಅಂದಂಗ ಬರಿ.”

“ಕಬ್ಬ ಕಡಿಯೂದನ್ನೂ ಬರೀಬೇಕ್ರಿ?”

“ಬರೀಬೇಕು.”

“ನಾಚಿಕಿ ಬರ್ತೈತ್ರಿ.”

“ನಾಚಿಕಿ ಅಂದವ್ರಿಗೆ ಬರ್ಲಿ. ನಿಮ್ಮ ಅವ್ವ ಕಬ್ಬ ಕಡದಿದ್ದು ತಪ್ಪೇನು?”

ಅವಳು ಮೊದಲಿನ ಹಾಳೆ ಹರಿದು ಹೊಸದನ್ನು ತೆಗೆದಳು. ಆಮೇಲೆ ಬರೆದಳು. ನಾನು ನನ್ನ ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಬೇರೆ ಕಾಗದದಲ್ಲಿ ಬರೆದೆ. ಅವಳದನ್ನು ನೋಡಿ ಬರೆಯಲಿಲ್ಲ. ಇಬ್ಬರದೂ ಒಂದೇ ವಾಕ್ಯವಾದರೆ ಹೇಳಿಕೊಟ್ಟು ಬರೆಸಿದ್ದು ಎನ್ನುತ್ತಾರೆ. ಕೇಸ್ ಪೇಪರನ್ನು ಜೋಪಾನವಾಗಿ ಇಡಬೇಕು, ವಾರ್ಡಿನ ಬಾಗಿಲ ಮೇಲಿನ ಕ್ಯಾಮೆರಾದ ಚಿತ್ರ ಅಳಿಯುವ ಮೊದಲು ತೆಗೆದಿಡಬೇಕು ಎಂದು ಅರ್ಜಿಯ ಕೊನೆಗೆ ಸೇರಿಸಿದೆವು.

ಅವತ್ತು ವಾರ್ಡಿನಲ್ಲೇ ಇದ್ದು ಎಲ್ಲವನ್ನೂ ಕಂಡಿದ್ದ ಆಯಾ, ತನಗೆ ಬರೆಯಲು ಬಾರದು, ಕೇಳಿದರೆ ಬಾಯಿಂದ ಹೇಳುತ್ತೇನೆ ಎಂದಳು. ಡ್ಯೂಟಿ ಡಾಕ್ಟರ್ ಮಾತ್ರ ಹಿಂಜರಿದ. “ಸಿಸ್ಟರ್, ನನ್ನ ಅನುಭವದ ಸರ್ಟಿಫಿಕೇಟಿಗೆ ಸಹಿ ಮಾಡೋರು ಅವ್ರ. ನಾ ಹ್ಯಾಂಗ ಬರೀಲಿ?” ಅವನ ಮೇಲೆ ಸಿಟ್ಟು ಬಂತು. ಮರುಗಳಿಗೆಗೆ, ಕಲಿತ ಹುಡುಗನೊಬ್ಬ ಕಂಡದ್ದನ್ನು ಹೇಳಲು ಹೀಗೆ ಹೆದರಬೇಕಾದ ವ್ಯವಸ್ಥೆಯ ಮೇಲೆ ಬಂತು.

ಅರ್ಜಿ ಒಯ್ದು ಸುಪರಿಂಟೆಂಡೆಂಟರ ಮುಂದೆ ಇಟ್ಟೆವು. ಮೆದು ಮನುಷ್ಯ. ಚಹಾ ತರಿಸಿದರು.

“ಅವ್ರ ಸ್ವಭಾವನ ಹಂಗ ಸಿಸ್ಟರ್. ಪೇಶಂಟ್ ಉಳದ್ಲಲ್ಲ. ಇದನ್ನ ಬಾಯಿಮಾತಿನ್ಯಾಗ ಮುಗಿಸೂಣು. ನಾ ಅವ್ರಿಗೆ ಹೇಳ್ತೀನಿ.”

ಬಾಯಿಮಾತಿನಲ್ಲಿ ಮುಗಿದ ಜಗಳಗಳನ್ನು ನಾನು ಬಹಳ ಕಂಡಿದ್ದೇನೆ. ಅವು ಮುಗಿಯುವುದು ಹುಡುಗಿಯರು ಗಂಟು ಕಟ್ಟಿಕೊಂಡು ಊರಿಗೆ ಹೋದಾಗ.

“ಸರ್, ನಾಳೆ ಮತ್ತೊಂದ ಪೇಶಂಟಿಗಿ ಹಿಂಗಾದ್ರ, ಈ ಹುಡುಗಿ ಫೋನ್ ಮಾಡಾಕ ಅಂಜಿದ್ರ, ಆಗ ಯಾರ ಜವಾಬ್ದಾರ್ರಿ?” ಎಂದೆ. “ನಮಗ ಚಹಾ ಬ್ಯಾಡ್ರಿ. ಆವಕದ ಶಿಕ್ಕಾ ಹೊಡಸಿ ಒಂದ ಪ್ರತಿ ಕೊಡಸ್ರಿ.”

ಅರ್ಜಿ ಬಂದದ್ದಕ್ಕೆ ಒತ್ತುವ ಆ ಮೊಹರು ಸಿಗುತ್ತಿಲ್ಲ ಎಂದ ಕಚೇರಿಯ ಕ್ಲಾರ್ಕು. ಸಿಗುವವರೆಗೆ ಇಲ್ಲೇ ಕೂರುತ್ತೇವೆ ಎಂದೆವು. ಸಿಕ್ಕಿತು. ಇನ್ನೊಂದು ಪ್ರತಿಯನ್ನು ನರ್ಸಿಂಗ್ ಸುಪರಿಂಟೆಂಡೆಂಟರಿಗೂ ಕೊಟ್ಟು ಅವರಿಂದಲೂ ಸಹಿ ಪಡೆದೆವು.

ವಿಚಾರಣೆಗೆ ಸಮಿತಿ ಕೂತಿತು. ನಡುವಿನ ದಿನಗಳು ಕಷ್ಟದವು. ಹುಡುಗಿಗೆ ಒಂದರ ಮೇಲೊಂದು ವಾರ್ಡು ಬದಲಿಸಿದರು. ಕ್ಯಾಂಟೀನಿನಲ್ಲಿ ಅವಳ ಪಕ್ಕ ಕೂರುತ್ತಿದ್ದವರು ಬೇರೆ ಬೆಂಚು ಹುಡುಕಿದರು. ಅದನ್ನೂ ಬರೆದು ಸಮಿತಿಗೆ ಕೊಟ್ಟೆವು. ದೂರು ಕೊಟ್ಟವರನ್ನು ಅಲೆದಾಡಿಸುವುದೂ ಅದೇ ಕಿರುಕುಳದ ಮುಂದುವರಿಕೆ.

ಹಿರಿಯ ಡಾಕ್ಟರ್ ಸಮಿತಿಯ ಮುಂದೆ, ತಮಗೆ ಯಾರೂ ತಿಳಿಸಿಲ್ಲ, ಫೈಲು ಕೈಜಾರಿ ಬಿತ್ತು ಎಂದರು. ಹುಡುಗಿಯ ಮೊಬೈಲು, ಕೇಸ್ ಪೇಪರು ಎರಡರಲ್ಲೂ ಫೋನಿನ ವೇಳೆ ಒಂದೇ ಇತ್ತು. ಆಯಾ ಬಂದು, “ಕೈಜಾರಿದ್ದು ಕೆಳಗ ಬೀಳ್ತೈತ್ರಿ. ಅದು ಅಡ್ಡ ಹಾರಿ ಬಂತು” ಎಂದಳು. ಡ್ಯೂಟಿ ಡಾಕ್ಟರನ್ನು ಕರೆದರು. ಅವನು ನೀರು ಕೇಳಿ ಕುಡಿದ. ಆಮೇಲೆ, “ಫೋನ್ ಮಾಡಾಕ ಹೇಳಿದ್ದು ನಾನ ರೀ. ನಾನ ಮಾಡಬೇಕಿತ್ತು. ಅಂಜಿಕಿ ಬಂದು ಮಾಡಲಿಲ್ಲ” ಎಂದು ಹೇಳಿ, ಅದನ್ನೇ ಬರೆದುಕೊಟ್ಟ.

ಹಿರಿಯ ಡಾಕ್ಟರಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಹುಡುಗಿ ನಮ್ಮ ವಾರ್ಡಿಗೇ ಮರಳಿದಳು. ನರ್ಸು ಫೋನ್ ಮಾಡಿದಾಗ ಹಿರಿಯರು ಬಾರದಿದ್ದರೆ ನೇರವಾಗಿ ಯಾರನ್ನು ಕರೆಯಬೇಕೆಂಬ ಆದೇಶ ಗೋಡೆಗೆ ಬಂತು. ಕ್ಷಮೆ ಕೇಳುವಂತೆ ಸಮಿತಿ ಸೂಚಿಸಿತ್ತು. ಅವರು ಈವರೆಗೆ ಕೇಳಿಲ್ಲ. ಅವರ ಹೆಸರಿನ ಬೋರ್ಡು ಮೊದಲಿನ ಜಾಗದಲ್ಲೇ ಇದೆ, ಹೊರಗಿನ ಸಾಲೂ ಕರಗಿಲ್ಲ. ಇದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಅಲ್ಲ ಎಂದೇ ಹೇಳುತ್ತೇನೆ. ಸತ್ಯ ಬರೆದ ಒಂದು ಸಾಲನ್ನು ಸತ್ಯವೆಂದು ಒಪ್ಪಿಸಲು ಒಬ್ಬ ಹುಡುಗಿ ಇಷ್ಟು ಸವೆಯಬೇಕೇ?

ನಮ್ಮ ವಾರ್ಡಿನಲ್ಲಿ ಈಗ ಅವರ ದನಿ ಏರುವುದಿಲ್ಲ. ಥಿಯೇಟರಿನಿಂದ ಆಗಾಗ ಕೇಳಿಸುತ್ತದೆ. ಮೊನ್ನೆ ಅಲ್ಲಿಂದ ಹೊಸ ನರ್ಸೊಬ್ಬಳು ಕಣ್ಣು ಕೆಂಪಗೆ ಮಾಡಿಕೊಂಡು ನಮ್ಮ ಬಾಗಿಲಲ್ಲಿ ನಿಂತಳು. ನಾನು ಏಳುವ ಮೊದಲೇ ಕಾಗವಾಡದ ಹುಡುಗಿ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಸರಿಸಿದಳು.

“ಕುಂದ್ರು. ಮೊದಲ ನೀರ ಕುಡಿ,” ಎಂದಳು. “ಆಮ್ಯಾಲ ಅವ್ರ ಏನಂದ್ರು, ಅಂದಂಗ ಹೇಳು.”