ಗುದ್ದಲಿ ಹಿಡಿದ ಕೈ

ಕಾಲುವೆ ನೀರಿನ ಪಾಳಿಗಾಗಿ ಇಬ್ಬರು ರೈತರ ನಡುವೆ ದಿಢೀರನೆ ಜಗಳ ಹತ್ತಿತು. ಇಬ್ಬರ ಕೈಯಲ್ಲೂ ಗುದ್ದಲಿ. ಒಬ್ಬನ ಒಂದೇ ಏಟಿಗೆ ಇನ್ನೊಬ್ಬನ ತಲೆಯೊಡೆದು ಪ್ರಾಣ ಹೋಯಿತು. ಕಾನೂನು ಪರೀಕ್ಷೆಯ ಈ ಪ್ರಶ್ನೆಗೆ ಕೊಣ್ಣೂರಿನ ಮೇಘಾ ‘ಕೊಲೆಯಲ್ಲದ ದಂಡನೀಯ ನರಹತ್ಯೆ’ ಎಂದು ಬರೆದಿದ್ದಳು.

“ಗುದ್ದಲಿ ತಂದಾನಂದ್ರ ಮೊದಲ ಹೊಂಚು ಹಾಕ್ಯಾನ. ಅದು ಕೊಲೀನ,” ಎಂದಳು ಗೆಳತಿ ರೂಪಾ. ಮೇಘಾಳಿಗೆ ತನ್ನ ಉತ್ತರದ ಮೇಲೆ ಅನುಮಾನ ಬಂತು. ಸಿಟ್ಟೂ ಬಂತು. ನೀರು ಹಾಯಿಸುವವರು ಬರಿಗೈಲಿ ಹೋಗುತ್ತಾರೆಯೇ?

ಮರುದಿನ ಕಾಲೇಜಿನಲ್ಲಿ ಸರ್ ಹೇಳಿದರು: “ತಲಿಗೆ ಅಂಥಾ ಏಟು ಕೊಲಿ ವ್ಯಾಖ್ಯೆದಾಗ ಬರ್ತದ ಖರೇ. ಆದ್ರ ಪೂರ್ವಯೋಜನೆ ಇಲ್ಲದ ದಿಢೀರ್ ಜಗಳ, ಕ್ರೌರ್ಯ ಇಲ್ಲ, ಇಬ್ಬರೂ ಸರಿಸಮ. ವಿನಾಯಿತಿ ಸಿಗ್ತದ. ಅದು ಕೊಲಿ ಅಲ್ಲ.”

ಮೇಘಾ ನಿರಾಳವಾಗಿ ಮನೆಗೆ ಬಂದಳು. ಸಂಜೆ ಅಪ್ಪ ಶಿವನಪ್ಪ ನೀರು ಹಾಯಿಸಲು ಗುದ್ದಲಿ ಹೆಗಲಿಗೇರಿಸಿ ಹೊರಟಾಗ ಮೊದಲ ಸಲ ಕೇಳಿದಳು:

“ಇವತ್ತ ನಮ್ಮ ಪಾಳೀನ ಹೌದಲ್ಲಪ್ಪಾ?”