ಮಾರಕ್ಕನ ಐದನೆಯ ಸಾಲು

ಗಂಗಾಂಬಿಕಾ ಶಾಲೆಯ ಅಡುಗೆಯ ಮಾರಕ್ಕನನ್ನು ಮೊದಲು ಕಂಡಿದ್ದು ಬೆನ್ನಿನ ಕಡೆಯಿಂದ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆದ ದಿನ ಅದು. ದೊಡ್ಡೇರಿ ಹೋಬಳಿಯ ಆ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಗಂಗಾಂಬಿಕಾ ಕಾಲಿಟ್ಟ ಮೊದಲ ದಿನವೂ ಹೌದು. ಮಧುಗಿರಿಯಿಂದ ಬಂದ ಬಸ್ಸು ಬೇಗ ಇಳಿಸಿಬಿಟ್ಟಿತ್ತು. ಶಾಲೆಯ ಬೀಗ ಇನ್ನೂ ತೆಗೆದಿರಲಿಲ್ಲ. ಅಡುಗೆಮನೆಯ ಮುಂದೆ ಮಾತ್ರ ನೀರು ಚಿಮುಕಿಸಿದ ಸಿಮೆಂಟು ನೆಲ ಕಪ್ಪಗೆ ಮಿನುಗುತ್ತಿತ್ತು. ಅದರ ಮೇಲೆ ಒಬ್ಬಳು ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದು ಬಗ್ಗಿ ನಿಂತಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವಿಂದ ಚಿಟಿಕೆ ಚಿಟಿಕೆಯಾಗಿ ಬಿಳಿ ಪುಡಿ ಬೀಳುತ್ತಿತ್ತು. ಕಣ್ಣು ನೆಲದ ಮೇಲಿತ್ತೋ ಇಲ್ಲವೋ, ಕೈ ಮಾತ್ರ ಗೇಣು ಗೇಣಿಗೆ ತಾನೇ ನಿಲ್ಲುತ್ತಿತ್ತು.

"ಎಷ್ಟು ಚುಕ್ಕಿ ಅಕ್ಕ?" ಎಂದು ಗಂಗಾಂಬಿಕಾ ಕೇಳಿದಳು.

"ನಂಗೇನ್ ಗೊತ್ತು ಕಣಮ್ಮ, ಕೈ ಇಕ್ತದೆ. ನಮ್ಮವ್ವ ಕಲಿಸಿದ್ದು. ಇದನ್ನ ಇಸ್ಕೂಲು ಬಾಗಿಲು ತೆಗೆಯೋ ದಿನ ಮಾತ್ರ ಇಕ್ತೀನಿ. ಒಂದೇ ಎಳೆ. ಎಲ್ಲಿಂದ ಹೊಂಟ್ರೂ ಎಲ್ಲಾ ಚುಕ್ಕಿ ಸುತ್ಕೊಂಡು ಹೊಂಟ ಜಾಗಕ್ಕೇ ಬತ್ತದೆ."

ಗಂಗಾಂಬಿಕಾ ಅಂಗಳದಲ್ಲಿ ನಿಂತು, ಬಾಗಿಲಿಗೆ ಮುಖ ಮಾಡಿ, ಫೋನಿನಲ್ಲಿ ಒಂದು ಫೋಟೊ ತೆಗೆದಳು. ಅಷ್ಟರಲ್ಲಿ ಒಳಗೆ ಮಕ್ಕಳ ಹಾಲು ಉಕ್ಕಿತು. ಮಾರಕ್ಕ ಪುಡಿಯ ಡಬ್ಬಿ ಬಿಟ್ಟು ಓಡಿದಳು. ಹಾಲು ಇಳಿಸಿ, ಚೆಲ್ಲಿದ್ದನ್ನು ಒರೆಸಿ ಬರುವ ಹೊತ್ತಿಗೆ ಶಾಲೆ ತೆರೆದು ಅರವತ್ತು ಮಕ್ಕಳ ಕಾಲು ಚುಕ್ಕಿಗಳ ಮೇಲೆ ಹಾದಿದ್ದವು. ಎಳೆ ಎಳೆಯಲು ಆಗಲೇ ಇಲ್ಲ. ಉಳಿದದ್ದು ಫೋಟೊದಲ್ಲಿನ ಬರೀ ಚುಕ್ಕಿ.

ಗಂಗಾಂಬಿಕಾಳ ಮನೆಯಲ್ಲಿ ಹತ್ತನೇ ತರಗತಿ ದಾಟಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಅಚ್ಚಾದದ್ದನ್ನು ನಂಬಿಯೇ ಅವಳು ಪದವಿಯ ತನಕ ಬಂದವಳು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಜುಲೈನಲ್ಲಿ ಬ್ಯಾಗ್ ಇಲ್ಲದ ಶನಿವಾರಕ್ಕೆ ಮಕ್ಕಳಿಗೆ ಏನಾದರೂ ಮಾಡಿಸಿ ಎಂದು ಹೆಡ್‌ಮೇಷ್ಟ್ರು ನರಸಿಂಹರಾಜು ಹೇಳಿದಾಗ ಆ ಫೋಟೊ ನೆನಪಾಯಿತು. ಮಗು ತಾನೇ ನೋಡಿಕೊಂಡು ಹಾಕುವಂತೆ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಟ್ಟರೆ ಹೇಗೆ?

ಫೋಟೊ ಓರೆಯಾಗಿತ್ತು. ಹತ್ತಿರದ ಚುಕ್ಕಿಗಳು ಅಗಲವಾಗಿ, ಬಾಗಿಲ ಕಡೆಯವು ಒತ್ತೊತ್ತಾಗಿ ಕಾಣುತ್ತಿದ್ದವು. ಫೋನಿನಲ್ಲೇ ನಾಲ್ಕು ಮೂಲೆ ಹಿಡಿದೆಳೆದು ನೇರ ಮಾಡಿದಳು. ಚೌಕದ ಹಾಳೆಗೆ ಇಳಿಸಿ ಎಣಿಸಿದಳು. ಅಡ್ಡಕ್ಕೆ ಐದು, ಉದ್ದಕ್ಕೂ ಐದು. ಕೊನೆಯ ಸಾಲಿನ ಅಂತರ ಮಾತ್ರ ಸ್ವಲ್ಪ ಹೊಂದುತ್ತಿರಲಿಲ್ಲ. ಫೋಟೊ ಓರೆಯಾದ ದೋಷ ಎಂದುಕೊಂಡು ತಾನೇ ಸರಿಮಾಡಿದಳು.

ನಿಯಮ ಎರಡೇ. ಚುಕ್ಕಿ ಮುಟ್ಟದೆ ಸಂದಿಯಲ್ಲಿ ಓರೆಯಾಗಿ ಹೋಗಬೇಕು. ಅಂಚು ಬಂದರೆ ಅಂಚಿನ ಚುಕ್ಕಿಯನ್ನು ಬಳಸಿ ತಿರುಗಬೇಕು. ತಿರುಗುವ ಪ್ರತಿ ಜಾಗಕ್ಕೂ ಒಂದೊಂದು ಅಂಕಿ ಕೊಟ್ಟರೆ ಮಗು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುತ್ತದೆ. ಹಾಗೆ ಹೊರಟರೆ ನಾಲ್ಕು ತಿರುವಿಗೇ ಎಳೆ ಮೊದಲಿನ ಜಾಗಕ್ಕೆ ಬಂದು ಮುಚ್ಚಿಕೊಂಡಿತು. ಎಷ್ಟೋ ಸಂದಿ ಖಾಲಿ ಉಳಿದವು. ಇನ್ನೊಂದು ಕಡೆಯಿಂದ ಹೊರಟಳು. ಅದೂ ನಾಲ್ಕಕ್ಕೇ ಮುಚ್ಚಿತು. ಒಟ್ಟು ಐದು ಎಳೆ, ಇಪ್ಪತ್ತು ಹೆಜ್ಜೆ. ಒಂದೇ ಎಳೆ ಅಂದಿದ್ದಳಲ್ಲ ಎಂದು ಒಂದು ಗಳಿಗೆ ಅನುಮಾನ ಬಂತು. ವಯಸ್ಸಾದವರ ಮಾತು ಎಂದು ಬಿಟ್ಟುಬಿಟ್ಟಳು. ಐದಕ್ಕೆ ಐದು ಬಣ್ಣ ಕೊಟ್ಟರೆ ಮಕ್ಕಳಿಗೂ ಸಲೀಸು.

ಮೂರನೇ ತರಗತಿಯ ಸಹನಾಳ ಕೈಗೆ ಹಾಳೆ ಕೊಟ್ಟು ನೋಡಿದಳು. ಹುಡುಗಿ ಎಲ್ಲೂ ತಡವರಿಸದೆ ಇಪ್ಪತ್ತೂ ಮುಗಿಸಿದಳು. ನರಸಿಂಹರಾಜುಗೆ ಖುಷಿಯೋ ಖುಷಿ. ಮೂವತ್ತು ಪ್ರತಿ ತೆಗೆಸಿ ಸುತ್ತಲಿನ ಶಾಲೆಗಳಿಗೂ ಹಂಚಿಸಿದರು.

ಶನಿವಾರ ಅಂಗಳದ ತುಂಬ ಐದು ಬಣ್ಣದ ರಂಗೋಲಿ. ಮಾರಕ್ಕ ಸೌಟು ಹಿಡಿದೇ ಹೊರಗೆ ಬಂದಳು. ಒಂದರ ಮುಂದೆ ನಿಂತಳು, ಇನ್ನೊಂದರ ಮುಂದೆ ನಿಂತಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಇದ್ಯಾವುದವ್ವ?"

"ನಿನ್ನದೇ ಮಾರಕ್ಕ. ನೀನು ಶಾಲೆ ಶುರುವಾದ ದಿನ ಇಟ್ಟದ್ದು."

"ನಂದು ಒಂದೇ ಎಳೆ."

"ಬರಲ್ಲ ಮಾರಕ್ಕ. ಐದೈದು ಚುಕ್ಕಿಗೆ ಐದೇ ಎಳೆ ಬರೋದು. ಬೇಕಾದರೆ ನೀನೇ ಎಳೆದು ನೋಡು. ಫೋಟೊದಲ್ಲಿ ನಿನ್ನ ಕೈಯ ಚುಕ್ಕಿನೇ ಇವೆ."

ಮಾರಕ್ಕ ಫೋಟೊ ನೋಡಿದಳು. ಚುಕ್ಕಿ ಅವಳವೇ. ಮಕ್ಕಳು ಇಟ್ಟ ಐದೈದು ಚುಕ್ಕಿಯ ಮುಂದೆ ಕೂತು ಎಳೆದಳು. ನಾಲ್ಕು ತಿರುವಿಗೆ ಮುಚ್ಚಿಕೊಂಡಿತು. ಅಳಿಸಿ ಮತ್ತೆ ಎಳೆದಳು. ಮುಚ್ಚಿಕೊಂಡಿತು. ಕೈಯಲ್ಲಿದ್ದ ಬಣ್ಣದ ಪುಡಿಯನ್ನು ಡಬ್ಬಿಗೆ ಸುರಿದಳು.

"ಹೋದ ತಿಂಗಳು ಸಾರಿಗೆ ಉಪ್ಪು ಮರ್ತೆ, ಈಗ ಅವ್ವನ ರಂಗೋಲಿನೂ ಮರ್ತೆಯಾ ಮಾರಕ್ಕ?" ಎಂದು ನರಸಿಂಹರಾಜು ತಮಾಷೆ ಮಾಡಿದರು. ಮಕ್ಕಳು ನಕ್ಕರು. ಗಂಗಾಂಬಿಕಾಳೂ ನಕ್ಕಳು.

ಮಾರಕ್ಕನ ಅವ್ವ ಕೊನೆಯ ಎರಡು ವರ್ಷ ಮಗಳ ಹೆಸರನ್ನೇ ಮರೆತಿದ್ದಳು ಎಂಬ ಸಂಗತಿ ಅಲ್ಲಿದ್ದವರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಚಿಕ್ಕಹನುಮಕ್ಕ, ಅಡುಗೆಮನೆಯ ಇನ್ನೊಬ್ಬ ಕೆಲಸದವಳು. ಅವಳು ನಗಲಿಲ್ಲ.

ಸೋಮವಾರದಿಂದ ಅಡುಗೆಮನೆಯ ಮುಂದೆ ದಿನದ ಸಣ್ಣ ರಂಗೋಲಿಯೂ ಕಾಣಲಿಲ್ಲ. ಮಾರಕ್ಕ ಮನೆಯಲ್ಲಿ ಪ್ರಯತ್ನಿಸಿದಳಂತೆ. ಎಣಿಸದೆ ಇಡುತ್ತಿದ್ದ ಕೈ ಈಗ ಐದು, ಐದು ಎಂದು ಎಣಿಸಲು ಹೋಗಿ ನಿಂತೇ ಹೋಗಿತ್ತು. ಶಾಲೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಮೂರು ಸಲ ಒಳಗೆ ಹೋಗಿ ನೋಡುವಳು. ಬೇಳೆ ಅಳೆದು, ಸುರಿದು, ಮತ್ತೆ ಅಳೆಯುವಳು.

ಗುರುವಾರ ಬೆಳಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮಿಸ್ಸಮ್ಮ, ಒಂದು ಕಾಗ್ದ ಬರ್ಕೊಡು. ನಾನು ಕೆಲಸ ಬುಡ್ತೀನಿ ಅಂತ. ನಾನು ಹೆಬ್ಬೆಟ್ಟು ಒತ್ತೀನಿ."

"ಯಾಕೆ ಮಾರಕ್ಕ?"

"ಅವ್ವಂಗೆ ಇಂಗೇ ಶುರುವಾಯ್ತು. ಮೊದ್ಲು ರಂಗೋಲಿ ತಪ್ತು, ಆಮೇಲೆ ದಾರಿ ತಪ್ತು. ಅರವತ್ತು ಮಕ್ಕಳಿಗೆ ಬೇಯ್ಸೋ ಕೈ ಕಣಮ್ಮ ಇದು. ಏನಾದ್ರೂ ಎಡವಟ್ಟಾದ್ರೆ ಯಾರು ಹೊಣೆ?"

"ಒಂದು ರಂಗೋಲಿಗೆಲ್ಲ ಯಾರಾದರೂ..."

"ಹಾಳೆ ಮೇಲೆ ಐತಲ್ಲ. ನೀನು ಓದಿದೋಳು, ನೀನು ಸುಳ್ಳು ಬರೀತೀಯಾ?"

ತಾನು ಆಡಿದ ಒಂದು ಮಾತು, ಬರೆದ ಇಪ್ಪತ್ತು ಅಂಕಿ ಈ ಹೆಂಗಸಿನ ಒಳಗೆ ಎಲ್ಲಿಯ ತನಕ ಇಳಿದಿವೆ ಎಂಬುದು ಗಂಗಾಂಬಿಕಾಗೆ ಹೊಳೆದೇ ಇರಲಿಲ್ಲ. ಹೆಡ್‌ಮೇಷ್ಟ್ರನ್ನು ಕೇಳಿ ಬರೆಯುತ್ತೇನೆ, ಅಲ್ಲಿಯ ತನಕ ಇರು ಎಂದು ಕಳಿಸಲು ನೋಡಿದಳು. ಮಾರಕ್ಕ ಅಲುಗಲಿಲ್ಲ. ಕೊನೆಗೆ ಹಾಳೆ ತೆಗೆದು 'ಇವರಿಗೆ' ಎಂದು ಬರೆದಳು. ಪೂರ್ತಿ ಹೆಸರು, ಕೆಲಸಕ್ಕೆ ಸೇರಿದ ವರ್ಷ ಬೇಕಿತ್ತು. ಅದೆಲ್ಲ ಅಡುಗೆಮನೆಯ ಗೂಡಿನಲ್ಲಿರುವ ಗುರುತಿನ ಚೀಟಿಯಲ್ಲಿದೆ ಎಂದು ಮಾರಕ್ಕ ಹೇಳಿದಳು. ಅರ್ಧ ಬರೆದ ಹಾಳೆ ಹಿಡಿದು ಗಂಗಾಂಬಿಕಾ ಅವಳ ಹಿಂದೆ ಹೊರಟಳು.

ಅಂಗಳದ ನೆಲ ಬರಿದಾಗಿತ್ತು. ಒಂದು ಚುಕ್ಕಿಯೂ ಇರಲಿಲ್ಲ. ಆದರೆ ನಾಲ್ಕು ಬೆರಳೆತ್ತರದ ಬಾಗಿಲ ಮೆಟ್ಟಿಲ ಮೇಲೆ ಗೇಣು ಗೇಣಿಗೆ ಒಂದರಂತೆ ಐದು ಬಿಳಿ ಚುಕ್ಕಿ.

ಗಂಗಾಂಬಿಕಾ ನಿಂತುಬಿಟ್ಟಳು.

"ಇದನ್ನು ಯಾರು ಇಟ್ಟಿದ್ದು?"

"ನಾನೇ," ಎಂದಳು ಚಿಕ್ಕಹನುಮಕ್ಕ, ಅಕ್ಕಿ ಆರಿಸುತ್ತ. "ಮಾರಕ್ಕ ಮುನಿಸ್ಕೊಂಡು ರಂಗೋಲಿ ಬುಟ್ಟವ್ಳೆ. ಅಂಗಂತ ಹೊಸಲು ಬರಿದಾಗಿ ಬುಡಕ್ಕಾಯ್ತದಾ? ಅವಳು ಇಕ್ಕೋ ಅಂಗೇ ಇಕ್ದೆ."

"ದಿನಾ ಇಡ್ತೀರಾ? ಮೊದಲಿಂದಲೂ?"

"ಹೊಸಲಿಗೆ ಇಕ್ದಲೆ ನೆಲಕ್ಕೆ ಯಾರಾದ್ರೂ ಇಕ್ತಾರಾ? ಇದ್ಯಾವ ಪ್ರಶ್ನೆ ಮಿಸ್ಸಮ್ಮ."

ಗಂಗಾಂಬಿಕಾ ಫೋನು ತೆಗೆದಳು. ನೇರ ಮಾಡುವ ಮುಂಚಿನ ಫೋಟೊ. ಒದ್ದೆ ನೆಲ, ಒದ್ದೆ ಮೆಟ್ಟಿಲು, ಎರಡಕ್ಕೂ ಒಂದೇ ಸಿಮೆಂಟಿನ ಬಣ್ಣ. ಎರಡು ಬೆರಳಿನಿಂದ ಹಿಗ್ಗಿಸಿದಳು. ಬಾಗಿಲ ಕಡೆಯ ಸಾಲಿನ ಕೆಳಗೆ ಕೂದಲೆಳೆಯಷ್ಟು ತೆಳ್ಳನೆಯ ಒಂದು ಗೆರೆ. ಅದು ಮೆಟ್ಟಿಲಿನ ಅಂಚು. ಹೊಂದದೆ ಇದ್ದ ಆ ಅಂತರವನ್ನು ತಾನೇ ಎಳೆದು ಸರಿಮಾಡಿದ್ದಳಲ್ಲ. ಐದನೆಯ ಸಾಲು ರಂಗೋಲಿಯದಲ್ಲ, ಹೊಸಲಿನದು. ಅವಳ ಮನೆಯ ಹೊಸಲಿಗೂ ಅವಳ ಅವ್ವ ದಿನಾ ಇಡುತ್ತಾಳೆ. ಇಪ್ಪತ್ತಾರು ವರ್ಷದಿಂದ ದಾಟಿಕೊಂಡು ಓಡಾಡಿದವಳಿಗೆ ಅದು ಕಂಡಿರಲಿಲ್ಲ.

ಅಲ್ಲೇ ಮೆಟ್ಟಿಲ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕೈಯಲ್ಲಿದ್ದ ರಾಜೀನಾಮೆಯ ಹಾಳೆ ತಿರುವಿ ಚುಕ್ಕಿ ಇಟ್ಟಳು. ಸಾಲಿಗೆ ಐದು, ನಾಲ್ಕೇ ಸಾಲು. ಮೂಲೆಯಿಂದ ಹೊರಟಳು. ನಾಲ್ಕು ತಿರುವು ಮುಗಿಯಿತು, ಮುಚ್ಚಲಿಲ್ಲ. ಎಂಟು ಮುಗಿಯಿತು, ಮುಚ್ಚಲಿಲ್ಲ. ಎಳೆಯುತ್ತಲೇ ಹೋದಳು. ಹದಿನೆಂಟನೆಯ ತಿರುವು ಸುತ್ತಿದ ಮೇಲೆ ಪೆನ್ನು ಹೊರಟ ಜಾಗಕ್ಕೇ ಬಂದು ಕೂತಿತು. ಒಂದು ಸಂದಿಯೂ ಖಾಲಿ ಇರಲಿಲ್ಲ.

"ಮಾರಕ್ಕ," ಎಂದಳು. "ಒಂದೇ ಎಳೆ. ನಾನು ತಪ್ಪಾಗಿ ಎಣಿಸಿಬಿಟ್ಟೆ. ಹೊಸಲಿನ ಸಾಲನ್ನೂ ಸೇರಿಸಿಬಿಟ್ಟೆ."

ಮಾರಕ್ಕ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ಬ್ಯಾಡ."

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಗಂಗಾಂಬಿಕಾಗೆ ತಿಳಿಯಿತು. ತಿರುವಿಗೊಂದರಂತೆ ಹದಿನೆಂಟು ಅಂಕಿ ಹಾಕಿ ಹೊಸ ಹಾಳೆ ಮಾಡಿ ಸಹನಾಳನ್ನು ಕರೆಸಿದಳು. ನೆಲದ ಮೇಲೆ, ಮೆಟ್ಟಿಲು ಬಿಟ್ಟು, ನಾಲ್ಕು ಸಾಲು ಇಟ್ಟರು. ಸಹನಾ ಹಾಳೆ ನೋಡುತ್ತ, "ಒಂದು, ಓರೆ. ಎರಡು, ತಿರುಗು," ಎನ್ನುತ್ತ ಪುಡಿ ಬಿಟ್ಟುಕೊಂಡು ಹೋದಳು. ಹನ್ನೊಂದರ ತನಕ ಮಾರಕ್ಕ ಸುಮ್ಮನಿದ್ದಳು. ಹನ್ನೆರಡಕ್ಕೆ ಹುಡುಗಿ ಅಂಕಿ ಹುಡುಕುತ್ತಿರುವಾಗ, "ಆ ಕಡೆ ಕಣೆ ಮಗ," ಎಂದು ಬೆರಳು ತೋರಿಸಿದಳು. ಹಾಳೆಯಲ್ಲೂ ಆ ಕಡೆಯೇ ಇತ್ತು. ಅಲ್ಲಿಂದ ಮುಂದೆ ಮಾರಕ್ಕನ ಬೆರಳು ಹುಡುಗಿಯ ಕೈಗಿಂತ ಮೊದಲೇ ಗಾಳಿಯಲ್ಲಿ ತಿರುಗುತ್ತಿತ್ತು.

ಎಳೆ ಕೂಡಿತು. ಮಾರಕ್ಕ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ತನ್ನ ಬಲಗೈಯನ್ನೇ ನೋಡಿಕೊಂಡಳು.

"ನಲವತ್ತು ವರ್ಷ ಎಳ್ದಿದೀನಿ. ಒಂದು ಹಾಳೆ ಇಲ್ಲ ಅಂತು ಅಂತ ನಾನು ನನ್ನ ಕೈನೇ ನಂಬ್ಲಿಲ್ವಲ್ಲ," ಎಂದಳು. "ಇನ್ನು ನಾಕು ದಿನ ಕಳ್ದಿದ್ರೆ ನಿಜ್ವಾಗ್ಲೂ ಮರೀತಿದ್ದೆ ಕಣಮ್ಮ."

ಗಂಗಾಂಬಿಕಾ ಆ ದಿನವೇ ಹಾಳೆ ಹೋದ ಒಂದೊಂದು ಶಾಲೆಗೂ ಫೋನು ಮಾಡಿ, ತಪ್ಪು ನನ್ನದು, ಹರಿದುಹಾಕಿ ಎಂದಳು. "ಹೋಗ್ಲಿ ಬಿಡಮ್ಮ, ಐದು ಬಣ್ಣ ಚೆನ್ನಾಗೇ ಕಾಣ್ತಿತ್ತು," ಎಂದರು ನರಸಿಂಹರಾಜು. "ಅದು ಮಾರಕ್ಕಂದಲ್ಲ ಸಾರ್," ಎಂದಳು ಅವಳು. ಅವರು ಅಡುಗೆಮನೆಗೆ ಹೋಗಿ, ಉಪ್ಪಿನ ಮಾತು ತಮಾಷೆಗೆ ಅಂದಿದ್ದು ಎಂದು ಹೇಳಿ ಬಂದರು. ಮಾರಕ್ಕ ಅವರಿಗೆ ಲೋಟದ ತುಂಬ ಹಾಲು ಕೊಟ್ಟಳು.

ಮಾರಕ್ಕ ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಗಂಗಾಂಬಿಕಾ ಬರೆಯುವ ರಂಗೋಲಿಯ ಹಾಳೆಗಳನ್ನು ಜೆರಾಕ್ಸಿಗೆ ಕಳಿಸುವ ಮುಂಚೆ, ಪಾತ್ರೆ ತೊಳೆದ ಕೈ ಒರೆಸಿಕೊಂಡು, ಬೆರಳಾಡಿಸಿ ನೋಡಿ ಕೊಡುತ್ತಾಳೆ.